ಮುಖವಿಲ್ಲದ ಮಾತಿಗೆ ಮರುಮಾತು ಬೇಕೆ?

ನಾನು ನೌಕರಿಗೆ ಸೇರಿದ ಕಾಲದಲ್ಲಿ ಸರ್ಕಾರಿ ಕಚೇರಿಗಳಿಗೆ ಮೂಗರ್ಜಿ ಎಂಬುದೊಂದು ಬರುತ್ತಿತ್ತು. ಅದಕ್ಕೆ ಹೆಸರಿಲ್ಲ, ಸಹಿಯಿಲ್ಲ, ವಿಳಾಸವಿಲ್ಲ. ಕೊನೆಯಲ್ಲಿ "ಇಂತಿ, ನೊಂದ ನಾಗರಿಕ" ಎಂದು ಮಾತ್ರ ಇರುತ್ತಿತ್ತು. ಅದರ ಕಾಟ ಎಷ್ಟಿತ್ತೆಂದರೆ, ಕೇಂದ್ರ ಜಾಗೃತ ಆಯೋಗವು 1999ರ ಜೂನ್ 29ರಂದು ಸುತ್ತೋಲೆ ಹೊರಡಿಸಿ, ಹೆಸರಿಲ್ಲದ ಮತ್ತು ಸುಳ್ಳು ಹೆಸರಿನ ದೂರುಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಸೂಚಿಸಬೇಕಾಯಿತು. ಅರ್ಜಿ ಕಡತ ಸೇರುತ್ತಿತ್ತು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಇಂದಿನ ಮೂಗರ್ಜಿಯ ಸ್ವಭಾವವೇ ಬೇರೆ. ಹಿಂದಿನದನ್ನು ಒಬ್ಬ ಅಧಿಕಾರಿ ಓದುತ್ತಿದ್ದರು. ಇಂದಿನದನ್ನು ಫೇಸ್‌ಬುಕ್ಕಿನಲ್ಲಿಯೋ ಇನ್‌ಸ್ಟಾಗ್ರಾಮಿನಲ್ಲಿಯೋ ಊರೆಲ್ಲ ಓದುತ್ತದೆ. ಹಿಂದಿನದು ಒಂದು ಸಲ ಬರುತ್ತಿತ್ತು; ಇಂದಿನದು ದಿನಕ್ಕೆರಡು ಸಲ ಬರುತ್ತದೆ. ಹೂವಿನ ಚಿತ್ರವನ್ನೋ ಸಿನಿಮಾ ನಾಯಕನ ಚಿತ್ರವನ್ನೋ ಮುಖಕ್ಕೆ ಅಂಟಿಸಿಕೊಂಡ ಒಂದು ಖಾತೆ, ತಿಂಗಳಾನುಗಟ್ಟಲೆ ಒಬ್ಬರನ್ನೇ ಹಿಡಿದು ಬೈಯುತ್ತಿದ್ದರೆ ಆ ಮನುಷ್ಯ ಏನು ಮಾಡಬೇಕು? ಉತ್ತರಿಸಬೇಕೆ, ಚಿತ್ರ ತೆಗೆದಿಟ್ಟುಕೊಳ್ಳಬೇಕೆ, ದೂರು ಕೊಡಬೇಕೆ? ಈ ಒಂದೆರಡು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಹಲವರು ಈ ಪ್ರಶ್ನೆಯನ್ನು ಕೇಳಿದ್ದಾರೆ. ವಕೀಲರಾಗಿರುವ ಶಿಷ್ಯರಿಂದಲೂ ಪೊಲೀಸ್ ಇಲಾಖೆಯಲ್ಲಿರುವ ಬಂಧುಗಳಿಂದಲೂ ತಿಳಿದುಕೊಂಡದ್ದನ್ನು ಸೇರಿಸಿ, ನನಗೆ ಸರಿಯೆನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಶ್ನೆ ಇದಲ್ಲ. ಯಾವುದು ಮೊದಲು, ಯಾವುದು ನಂತರ ಎಂಬ ಪ್ರಶ್ನೆ ಇದು. ಮೊದಲು ಜೋಪಾನ, ಆಮೇಲೆ ದೂರು, ಉತ್ತರ ಕೊನೆಗೆ. ಅದೂ ಬೇಕಾದರೆ ಮಾತ್ರ. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ಅನಾಹುತಗಳು ಆಗುತ್ತವೆ.

ಎಂಥ ಅನಾಹುತ ಆಗಬಹುದೆಂಬುದನ್ನು ನಮ್ಮ ನಾಡು 2024ರ ಜೂನ್ ತಿಂಗಳಿನಲ್ಲಿ ಕಂಡಿತು. ಚಿತ್ರದುರ್ಗದ ರೇಣುಕಾಸ್ವಾಮಿ ಎಂಬ ಯುವಕ ಬೇರೊಂದು ಹೆಸರಿನ ಇನ್‌ಸ್ಟಾಗ್ರಾಮ್ ಖಾತೆಯಿಂದ ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶಗಳನ್ನು ಕಳುಹಿಸಿದ್ದನೆಂದು ಪೊಲೀಸರು ಹೇಳುತ್ತಾರೆ. ಆತನನ್ನು ಪತ್ತೆ ಹಚ್ಚಿ, ಬೆಂಗಳೂರಿಗೆ ಕರೆತಂದು, ಪಟ್ಟಣಗೆರೆಯ ಒಂದು ಶೆಡ್ಡಿನಲ್ಲಿ ಹೊಡೆದು ಕೊಂದರೆಂಬುದು ಆರೋಪ. ಜೂನ್ 9ರಂದು ಸುಮನಹಳ್ಳಿಯ ಬಳಿ ಶವ ಸಿಕ್ಕಿತು. ನಟ ದರ್ಶನ್ ಮತ್ತು ಪವಿತ್ರಾ ಗೌಡ ಸೇರಿದಂತೆ 17 ಮಂದಿ ಆರೋಪಿಗಳಾದರು. ಯಾರು ತಪ್ಪಿತಸ್ಥರೆಂಬುದನ್ನು ಹೇಳಬೇಕಾದದ್ದು ನ್ಯಾಯಾಲಯ, ನಾವಲ್ಲ. ಆದರೆ ಆ ಸಂದೇಶಗಳನ್ನು ಹಾಗೆಯೇ ಉಳಿಸಿಕೊಂಡು ಒಂದು ಪೊಲೀಸ್ ಠಾಣೆಗೆ ಹೋಗಿದ್ದರೆ ಅದು ಸರಳವಾದ ಒಂದು ಸೈಬರ್ ಪ್ರಕರಣವಾಗಿರುತ್ತಿತ್ತು. ಆಗ ಒಂದು ಜೀವ ಉಳಿಯುತ್ತಿತ್ತು. ಹುಟ್ಟಲಿದ್ದ ಮಗುವಿಗೆ ತಂದೆ ಇರುತ್ತಿದ್ದ.

ಇದೇ ಪ್ರಕರಣದ ಇನ್ನೊಂದು ಮಗ್ಗುಲು ಮರುವರ್ಷ ಕಾಣಿಸಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ದರ್ಶನ್ ಅವರ ಜಾಮೀನಿನ ಕುರಿತು ವಿಚಾರಣೆ ನಡೆಸುತ್ತಿದ್ದಾಗ, ನಟಿ ರಮ್ಯಾ ಅವರು ಆ ಸುದ್ದಿಯನ್ನು ಹಂಚಿಕೊಂಡು, ರೇಣುಕಾಸ್ವಾಮಿಯ ಕುಟುಂಬಕ್ಕೆ ನ್ಯಾಯ ಸಿಗಲೆಂಬ ಭಾವದ ಮಾತು ಬರೆದರು. ಅದರ ಬೆನ್ನಿಗೇ ಅವರ ಮೇಲೆ ಅಶ್ಲೀಲ ಬೈಗುಳಗಳ, ಬೆದರಿಕೆಗಳ ಮಳೆ ಸುರಿಯಿತು. ಅವರು ಬೈದವರನ್ನು ಹುಡುಕಲು ಯಾರನ್ನೂ ಕಳುಹಿಸಲಿಲ್ಲ. ಬಂದ ಸಂದೇಶಗಳನ್ನು ಕೂಡಿಸಿ, ಜುಲೈ 28ರಂದು ಬೆಂಗಳೂರಿನ ಪೊಲೀಸ್ ಆಯುಕ್ತರ ಕಚೇರಿಗೆ ಹೋಗಿ, 43 ಖಾತೆಗಳನ್ನು ಹೆಸರಿಸಿ ದೂರು ಕೊಟ್ಟರು. ಪ್ರಕರಣ ದಾಖಲಾಯಿತು, ಕೆಲವೇ ದಿನಗಳಲ್ಲಿ ಬಂಧನಗಳು ಆರಂಭವಾದವು. ಮುಖವಿಲ್ಲವೆಂದು ಬೀಗುತ್ತಿದ್ದ ಖಾತೆಗಳ ಹಿಂದಿನಿಂದ ಬೇರೆ ಬೇರೆ ಊರುಗಳ ಸಾಧಾರಣ ಹುಡುಗರು ಹೊರಬಂದರು.

ರಮ್ಯಾ ಅವರು ಹೆಸರಾಂತ ನಟಿ, ಮಾಜಿ ಸಂಸದೆ. ಆದ್ದರಿಂದ ಪೊಲೀಸರು ಓಡಿಬಂದರು, ನಮ್ಮಂಥವರಿಗೆ ಯಾರು ಬರುತ್ತಾರೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅಷ್ಟು ವೇಗ ನಮಗೆ ಸಿಗದು. ಆದರೆ ಅವರ ದೂರಿನಲ್ಲಿ ನಾವೂ ಅನುಸರಿಸಬಹುದಾದ ಒಂದು ಅಂಶವಿದೆ. "ಯಾರೋ ಬೈಯುತ್ತಿದ್ದಾರೆ" ಎಂದು ಅವರು ಹೇಳಲಿಲ್ಲ. ಇಂಥ ಖಾತೆ, ಇಂಥ ಮಾತು ಎಂದು ಪಟ್ಟಿ ಕೊಟ್ಟರು. ಪಟ್ಟಿಯಿದ್ದರೆ ಪೊಲೀಸರ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಈಗ ನಮ್ಮ ಕಡೆಯ ಒಂದು ಉದಾಹರಣೆಗೆ ಬರುತ್ತೇನೆ. ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಆಕೆಯ ಗುರುತು ತಿಳಿಯಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಫೇಸ್‌ಬುಕ್ಕಿನಲ್ಲಿ ಊರಿನ ಹೆಸರಿನದೇ ಒಂದು ಖಾತೆ ಹುಟ್ಟಿಕೊಂಡು ಆಕೆಯನ್ನು ಹಳಿಯತೊಡಗಿತು. ಮೊದಲು ಬಂದದ್ದು ಬರಿಯ ಬೈಗುಳ: ಆಕೆಯ ನಡೆ, ನುಡಿ, ಸೀರೆ ಎಲ್ಲವನ್ನೂ ಗೇಲಿ ಮಾಡುವ ಮಾತು. ಎರಡನೆಯದು, ಸಂಘದ ಉಳಿತಾಯದ ಹಣವನ್ನು ಆಕೆ ನುಂಗಿದ್ದಾಳೆಂಬ ಆರೋಪ. ಮೂರನೆಯದು, ರಾತ್ರಿ ಹೊತ್ತು ಆಕೆಗೇ ನೇರವಾಗಿ ಬಂದ ಅಶ್ಲೀಲ ಸಂದೇಶ. ಅದರ ಕೊನೆಗೆ, ಒಬ್ಬಳೇ ಸಿಕ್ಕರೆ ನೋಡಿಕೊಳ್ಳುತ್ತೇನೆ ಎಂಬ ಬೆದರಿಕೆ.

ಆಕೆ ನನಗೆ ಫೋನ್ ಮಾಡಿದಾಗ ಹೇಳಿದ್ದು: "ಸರ್, ಸುಮ್ಮ ಕುಂತ್ರ ಮಂದಿ ಖರೇ ಅಂತ ತಿಳೀತಾರ್ರಿ. ನಾನೂ ನಾಕು ಮಾತ ಬರದು ಹಾಕ್ಲೇನ್ರಿ?" ಆಕೆಯ ತಮ್ಮನಂತೂ ಬರೆದವನು ಯಾರೆಂದು ತನಗೆ ಗೊತ್ತಿದೆಯೆಂದೂ, ಅವನ ಮನೆಯ ಮುಂದೆ ಹೋಗಿ ಕೇಳುತ್ತೇನೆಂದೂ ಹೊರಟು ನಿಂತಿದ್ದ.

ಇಬ್ಬರನ್ನೂ ತಡೆದು, ಬಂದ ಮಾತುಗಳನ್ನು ಮೂರು ಭಾಗ ಮಾಡಿ ನೋಡೋಣವೆಂದೆ. ಏಕೆಂದರೆ ಕಾನೂನಿನ ಕಣ್ಣಿಗೆ ಈ ಮೂರೂ ಒಂದೇ ಅಲ್ಲ. ಬರಿಯ ಬೈಗುಳಕ್ಕೆ ಪೊಲೀಸರು ತಾವಾಗಿ ಪ್ರಕರಣ ದಾಖಲಿಸಲಾರರು. ಸುಳ್ಳು ಆರೋಪದಿಂದ ಮಾನ ಹೋಯಿತೆಂಬುದು ಮಾನನಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೆಯ ಕಲಂ. ಅದಕ್ಕೆ ನೊಂದವರೇ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹೂಡಬೇಕು. ಠಾಣೆಯಲ್ಲಿ "ಕೋರ್ಟಿಗೆ ಹೋಗಮ್ಮ" ಎಂದರೆ ಅದು ಉದಾಸೀನವೇ ಆಗಿರಬೇಕೆಂದಿಲ್ಲ, ಕಾನೂನೇ ಹಾಗಿದೆ. ಮೂರನೆಯದು ಮಾತ್ರ ಬೇರೆ. ಅಶ್ಲೀಲ ಬರಹವನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಮಿನಡಿ ಅಪರಾಧ. ಹೆಣ್ಣಿನ ಘನತೆಗೆ ಕುಂದು ತರುವ ಮಾತಿಗೆ ಸಂಹಿತೆಯ 79ನೆಯ ಕಲಂ ಇದೆ. ಇವುಗಳಿಗೆ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ಇವುಗಳ ಜೊತೆಗೆ ಬೆದರಿಕೆಯೂ ತನಿಖೆಗೆ ಸೇರಿಕೊಳ್ಳುತ್ತದೆ. ಅದರಲ್ಲಿಯೂ ಬೆದರಿಸುವವನು ಹೆಸರು ಮರೆಸಿಕೊಂಡಿದ್ದರೆ, 351ನೆಯ ಕಲಂ ಅವನಿಗೆ ಎರಡು ವರ್ಷದವರೆಗಿನ ಹೆಚ್ಚಿನ ಶಿಕ್ಷೆ ಹೇಳುತ್ತದೆ. ಮುಖ ಮುಚ್ಚಿಕೊಂಡದ್ದು ಅವನಿಗೆ ರಕ್ಷಣೆಯಲ್ಲ, ಹೊರೆ.

ಆದರೆ ದೂರಿಗೆ ಮುನ್ನ ಜೋಪಾನ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರದೆಯ ಚಿತ್ರ, ಅಂದರೆ ಸ್ಕ್ರೀನ್‌ಶಾಟ್ ತೆಗೆಯುವುದು ಈಗ ಮಕ್ಕಳಿಗೂ ಗೊತ್ತು. ಆದರೂ ಹೆಚ್ಚಿನವರು ತೆಗೆಯುವ ಚಿತ್ರದಲ್ಲಿ ಬೈಗುಳವೊಂದೇ ಕಾಣುತ್ತದೆ. ಅದು ಎಲ್ಲಿತ್ತು, ಯಾವಾಗ ಬಂತು, ಯಾವ ಖಾತೆಯದು ಎಂಬುದು ಕಾಣುವುದಿಲ್ಲ. ಮೊಬೈಲಿನಲ್ಲಿ ಬರಹದ ಕೆಳಗೆ "2 ಗಂಟೆ" ಎಂದಷ್ಟೇ ಇರುತ್ತದೆ. ಯಾವ ದಿನದ ಎರಡು ಗಂಟೆಯ ಹಿಂದೆ ಎಂದು ಆರು ತಿಂಗಳ ಮೇಲೆ ಯಾರು ಹೇಳಬಲ್ಲರು? ಅದೇ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಆ ಸಮಯದ ಮೇಲೆ ಮೌಸಿನ ಬಾಣವನ್ನು ಇರಿಸಿದರೆ ಪೂರ್ಣ ದಿನಾಂಕ ಮತ್ತು ವೇಳೆ ಮೂಡುತ್ತದೆ. ಮೇಲಿನ ವಿಳಾಸದ ಪಟ್ಟಿ, ಕೆಳಗಿನ ಗಡಿಯಾರ, ನಡುವೆ ಪೂರ್ತಿ ಬರಹ, ಇವಿಷ್ಟೂ ಒಂದೇ ಚಿತ್ರದಲ್ಲಿ ಬರಬೇಕು.

ಇನ್ನು ಖಾತೆಯ ಹೆಸರು. ಇಂದು ಊರಿನ ಹೆಸರಿದ್ದದ್ದು ನಾಳೆ ಹೂವಿನ ಹೆಸರಾಗಬಹುದು. ಹೆಸರನ್ನು ಮಾತ್ರ ಬರೆದುಕೊಂಡವರು ಆಗ ಬರಿಗೈಯಾಗುತ್ತಾರೆ. ಆದುದರಿಂದ ಖಾತೆಯ ಕೊಂಡಿಯನ್ನೂ ಬರಹದ ಕೊಂಡಿಯನ್ನೂ ಬೇರೆ ಬೇರೆಯಾಗಿ ನಕಲು ಮಾಡಿಟ್ಟುಕೊಳ್ಳಬೇಕು. ಕೆಲವು ಫೇಸ್‌ಬುಕ್ ಖಾತೆಗಳ ಕೊಂಡಿಯಲ್ಲಿ `profile.php?id=` ಎಂದಿದ್ದು, ಅದರ ಮುಂದೆ ಉದ್ದನೆಯ ಒಂದು ಸಂಖ್ಯೆ ಇರುತ್ತದೆ. ಹೆಸರು ಎಷ್ಟು ಸಲ ಬದಲಾದರೂ ಆ ಸಂಖ್ಯೆ ಬದಲಾಗದು. ಶಾಲೆಯ ದಾಖಲಾತಿ ವಹಿಯಲ್ಲಿನ ಕ್ರಮಸಂಖ್ಯೆಯಂತೆ ಅದು. ಹುಡುಗನನ್ನು ಏನೆಂದು ಕರೆದರೂ ವಹಿಯಲ್ಲಿ ಅವನ ಸಂಖ್ಯೆ ಒಂದೇ.

ಮೂರನೆಯ ಮಾತು, ತೆಗೆದ ಚಿತ್ರವನ್ನು ಕತ್ತರಿಸಬಾರದು, ಅದರ ಮೇಲೆ ಕೆಂಪು ಗೆರೆ ಎಳೆಯಬಾರದು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು. ಸಂದೇಶ ಬಂದ ಫೋನಿನಲ್ಲಿ ಮೂಲ ಸಂದೇಶವನ್ನು ಅಳಿಸಲೇಬಾರದು. ಅಸಹ್ಯದಿಂದ ಅಳಿಸಿಬಿಡಬೇಕೆನ್ನಿಸುವುದು ಸಹಜ, ಆದರೂ ಬೇಡ. ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂಥ ನಕಲನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಒಂದು ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರು, ಇನ್ನೊಂದು ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ಕಡತದ ಹ್ಯಾಷ್ ಎಂಬ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಲಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದಂತೆ. ಆ ಪತ್ರವನ್ನು ವಕೀಲರು ಮುಂದೆ ಮಾಡಿಸಿಕೊಡುತ್ತಾರೆ. ಅದಕ್ಕೆ ಬೇಕಾದ ಮೂಲವನ್ನು ಇಂದೇ ಉಳಿಸಿಕೊಳ್ಳುವುದು ನಮ್ಮ ಕೆಲಸ.

ಇವೆಲ್ಲದರ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳುವಂತೆ ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಕ್ರಮಸಂಖ್ಯೆ, ದಿನಾಂಕ, ವೇಳೆ, ಕೊಂಡಿ, ಬರೆದದ್ದರ ಸಾರ, ಅದನ್ನು ಕಂಡು ತಿಳಿಸಿದವರು ಯಾರು, ಹೀಗೆ ಆರು ಕಾಲಮು. ಕೊನೆಯ ಕಾಲಮು ಮುಖ್ಯ. ಮಾನನಷ್ಟವೆಂದರೆ ಮೂರನೆಯವರು ಅದನ್ನು ಓದಿರಬೇಕು. ಓದಿದ ಇಬ್ಬರು ನೆರೆಯವರ ಸಾಕ್ಷ್ಯವಿದ್ದರೆ ಆ ಮಾತಿಗೆ ಬಲ ಬರುತ್ತದೆ. ಆಕೆ ಒಂದು ವಾರದಲ್ಲಿ ಹದಿನಾಲ್ಕು ಸಾಲು ತುಂಬಿಸಿದಳು. ಹಾಗೆ ಬರೆದಿಟ್ಟ ಮೇಲೆ ಅವಳ ಧ್ವನಿಯಲ್ಲಿದ್ದ ನಡುಕ ಕಡಿಮೆಯಾದದ್ದು ನನ್ನ ಗಮನಕ್ಕೆ ಬಂತು.

ಜೋಪಾನ ಮೊದಲು, ದೂರು ನಂತರ ಎಂಬುದಕ್ಕೆ ಕಾರಣ ಸರಳ. ಕಂಪನಿಗೆ ರಿಪೋರ್ಟ್ ಮಾಡಿದೊಡನೆ ಬರಹ ಮಾಯವಾಗಬಹುದು. ನಮ್ಮ ಬಳಿ ನಕಲಿಲ್ಲದಿದ್ದರೆ ಸಾಕ್ಷ್ಯವೂ ಅದರೊಡನೆ ಹೋಯಿತು. ಬ್ಲಾಕ್ ಮಾಡಿದರೆ ಆ ಖಾತೆ ನಮಗೆ ಕಾಣದು, ಊರಿಗೆ ಮಾತ್ರ ಕಾಣುತ್ತಲೇ ಇರುತ್ತದೆ. ಆದ್ದರಿಂದ ಚಿತ್ರ ಮತ್ತು ಕೊಂಡಿ ಕೈಸೇರಿದ ಮೇಲೆಯೇ ಬ್ಲಾಕ್ ಮಾಡಿ, ಮುಂದೆ ಬರುವುದನ್ನು ಗಮನಿಸಲು ನಂಬಿಕೆಯ ಒಬ್ಬರಿಗೆ ಹೇಳಿಡಬೇಕು. ಇನ್‌ಸ್ಟಾಗ್ರಾಮಿನಲ್ಲಿ ರಿಸ್ಟ್ರಿಕ್ಟ್ ಎಂಬ ನಡುದಾರಿಯೂ ಇದೆ. ಆಗ ಅವನು ನಮ್ಮ ಚಿತ್ರದ ಕೆಳಗೆ ಬರೆದದ್ದು ಅವನಿಗೆ ಕಾಣುತ್ತದೆ. ನಾವು ಒಪ್ಪದ ಹೊರತು ಬೇರೆಯವರಿಗೆ ಕಾಣದು. ತನ್ನ ಬಾಯಿಗೆ ಬಟ್ಟೆ ಕಟ್ಟಿದ್ದಾರೆಂಬುದು ಅವನಿಗೆ ತಿಳಿಯುವುದೂ ಇಲ್ಲ.

ಕಂಪನಿಗೆ ಕೊಡುವ ದೂರಿನ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ನೂರು ಜನ ಒಟ್ಟಿಗೆ ರಿಪೋರ್ಟ್ ಮಾಡಿದರೆ ಖಾತೆ ಬಿದ್ದುಹೋಗುತ್ತದೆಂದು ಹಲವರು ನಂಬಿದ್ದಾರೆ. ದೂರುಗಳ ಸಂಖ್ಯೆ ನೋಡಿ ತಾವು ತೀರ್ಮಾನಿಸುವುದಿಲ್ಲವೆಂದು ಇನ್‌ಸ್ಟಾಗ್ರಾಮಿನವರೇ ಹೇಳಿದ್ದಾರೆ. ಸರಿಯಾದ ಕಾರಣವನ್ನು ಆರಿಸಿ, ಒಂದೊಂದು ಬರಹವನ್ನೂ ಪ್ರತ್ಯೇಕವಾಗಿ ತೋರಿಸಿದ ಒಂದೇ ದೂರು ನೂರು ದೂರುಗಳಿಗಿಂತ ಮೇಲು. ಅದರಲ್ಲೂ ನಮ್ಮ ಕಲಬುರಗಿ ಕಡೆಯ ಬೈಗುಳ ಬೇರೆ ಊರಿನವರಿಗೆ ಬೈಗುಳವೆಂದೇ ತೋರದಿರಬಹುದು. ಬರೆಯಲು ಜಾಗವಿರುವಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಬೇಕು.

ಎರಡನೆಯದು, ರಿಪೋರ್ಟ್ ಗುಂಡಿ ಒತ್ತುವುದೂ ಕುಂದುಕೊರತೆ ಅಧಿಕಾರಿಗೆ ದೂರು ಕೊಡುವುದೂ ಒಂದೇ ಎಂಬ ಭಾವನೆ. ಅವೆರಡೂ ಬೇರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ವಿಳಾಸವನ್ನು ಪ್ರಕಟಿಸಬೇಕು. ದೂರನ್ನು ಇತ್ಯರ್ಥಪಡಿಸಲು ಆಗ 15 ದಿನ ಕೊಟ್ಟಿದ್ದರು. 2026ರ ಫೆಬ್ರವರಿಯ ತಿದ್ದುಪಡಿ ಅದನ್ನು 7 ದಿನಕ್ಕೆ ಇಳಿಸಿತು. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಎಂಬ ತಾಣದ ಮೂಲಕ ಹೋಗಬಹುದು. ಗುಂಡಿ ಒತ್ತಿ ಸುಮ್ಮನಾದವರಿಗಿಂತ, ಅಧಿಕಾರಿಗೆ ಬರೆದು ದೂರಿನ ಸಂಖ್ಯೆ ಪಡೆದವರಿಗೆ ಮೇಲ್ಮನವಿಯ ದಾರಿ ಸುಗಮ.

ಪೊಲೀಸ್ ದೂರನ್ನು cybercrime.gov.in ತಾಣದಲ್ಲಿಯೂ ಕೊಡಬಹುದು, ಠಾಣೆಗೆ ಹೋಗಿಯೂ ಕೊಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಆದ್ದರಿಂದ ಸಬ್‌ಇನ್‌ಸ್ಪೆಕ್ಟರ್ ಇರುವ ಹಳ್ಳಿಯ ಕಡೆಯ ಠಾಣೆಯಿಂದ ಜಿಲ್ಲೆಯ ಸಿ.ಇ.ಎನ್. ಠಾಣೆಗೆ ಕಳುಹಿಸಿದರೆ, ಅಲೆದಾಡಿಸುತ್ತಿದ್ದಾರೆಂದು ಕೂಡಲೇ ತಿಳಿಯಬೇಕಾಗಿಲ್ಲ. ಆದರೆ ತಡಮಾಡಬಾರದು. ಖಾತೆ ರದ್ದಾದ ಮೇಲೆ ಅದರ ನೋಂದಣಿ ವಿವರಗಳನ್ನು ಕಂಪನಿ 180 ದಿನ ಇಟ್ಟುಕೊಂಡಿರಬೇಕೆಂದು ನಿಯಮ ಹೇಳುತ್ತದೆ. ಆ ಬಳಿಕ ಅವು ಸಿಗುತ್ತವೆಂಬ ಭರವಸೆಯಿಲ್ಲ. ಮಾನನಷ್ಟದ ದೂರಿಗೆ ಕಾನೂನು ಮೂರು ವರ್ಷ ಕೊಟ್ಟಿದ್ದರೂ, ಬರೆದವನನ್ನು ತೋರಿಸುವ ಸುಳಿವು ಅಷ್ಟು ದಿನ ಕಾಯುವುದಿಲ್ಲ.

ಸುಳಿವು ಹೇಗೆ ಸಿಗುತ್ತದೆಂಬುದನ್ನೂ ತಿಳಿದಿರಬೇಕು. ಆಗ ನಮ್ಮ ನಿರೀಕ್ಷೆ ಹದದಲ್ಲಿರುತ್ತದೆ. ಪೊಲೀಸರು ಕಂಪನಿಗೆ ನೋಟಿಸು ಕೊಡುತ್ತಾರೆ. ಕಂಪನಿ ಆ ಖಾತೆಯ ಫೋನ್ ಸಂಖ್ಯೆ ಅಥವಾ ಮಿಂಚಂಚೆ, ಮತ್ತು ಅದು ಯಾವ ಯಾವ ವೇಳೆಯಲ್ಲಿ ಯಾವ ಐಪಿ ವಿಳಾಸದಿಂದ ತೆರೆದಿತ್ತೆಂಬ ಪಟ್ಟಿ ಕೊಡಬಹುದು. ಆ ವಿಳಾಸ ಯಾರದೆಂದು ದೂರವಾಣಿ ಕಂಪನಿಯನ್ನು ಕೇಳಬೇಕು. ಇಲ್ಲೊಂದು ತೊಡಕಿದೆ. ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿನಲ್ಲಿ ನೂರಾರು ಜನ ಬಳಸುತ್ತಿರುತ್ತಾರೆ. ಒಂದೇ ಬಾಗಿಲಿನ ದೊಡ್ಡ ವಠಾರದಂತೆ. ಯಾವ ಮನೆಯವರು ಹೊರಗೆ ಬಂದರೆಂದು ತಿಳಿಯಲು ಸೆಕೆಂಡಿನವರೆಗಿನ ವೇಳೆ ಬೇಕು, ಪೋರ್ಟ್ ಎಂಬ ಇನ್ನೊಂದು ಸಂಖ್ಯೆಯೂ ಬೇಕು. ವಿದೇಶಿ ಕಂಪನಿಗಳ ಪಟ್ಟಿಯಲ್ಲಿ ಬಹುಮಟ್ಟಿಗೆ ಅಂತರರಾಷ್ಟ್ರೀಯ ಕಾಲಮಾನ ಇರುತ್ತದೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಇದನ್ನು ಮರೆತು ಹೊಂದಿಸಿದರೆ ಪೂರ್ತಿ ಬೇರೆಯವರ ಮನೆಯ ಬಾಗಿಲು ತಟ್ಟಬೇಕಾಗುತ್ತದೆ. ಎಲ್ಲವೂ ಸರಿಹೋದರೂ ಸಿಮ್ ಕಾರ್ಡು ಇನ್ನೊಬ್ಬರ ಹೆಸರಿನಲ್ಲಿರಬಹುದು. ಹೀಗಾಗಿ ಕೆಲವು ಪ್ರಕರಣಗಳಲ್ಲಿ ಬರೆದವನು ಸಿಗದೇ ಹೋಗುವುದೂ ಉಂಟು.

ನೋಟಿಸು ಕೊಡುವ ಅಧಿಕಾರವಿರುವ ಪೊಲೀಸರಿಗೇ ಇಷ್ಟು ಕಷ್ಟವಿರುವಾಗ, ಬರಹದ ಧಾಟಿ ನೋಡಿ, ಹಳೆಯ ಹೊಲದ ಜಗಳ ನೆನೆದು, "ಇವನೇ" ಎಂದು ನಾವು ಬೆರಳು ತೋರಿಸುವುದು ಎಷ್ಟು ಅಪಾಯಕರ! ನನ್ನ ವಿದ್ಯಾರ್ಥಿನಿಯ ತಮ್ಮನಿಗೆ ನಾನು ಹೇಳಿದ್ದೂ ಇದನ್ನೇ. ನೀನು ತಪ್ಪಿದರೆ ಒಂದು ನಿರಪರಾಧಿಯ ಮನೆ ಹಾಳು. ನೀನು ಸರಿಯಿದ್ದರೂ ಹೊಡೆದ ಮೇಲೆ ಪ್ರಕರಣ ನಿನ್ನ ಮೇಲೆಯೇ. ಪಟ್ಟಣಗೆರೆಯ ಶೆಡ್ಡಿನ ಕಥೆ ಅವನಿಗೂ ಗೊತ್ತಿತ್ತು. ಸುಮ್ಮನಾದ.

ಇನ್ನು ಉತ್ತರದ ವಿಷಯ. ಶಾಲೆಯ ಮೂತ್ರಾಲಯದ ಗೋಡೆಯ ಮೇಲೆ ಹುಡುಗರು ಇದ್ದಿಲಿನಿಂದ ಗುರುಗಳನ್ನು ಬೈದು ಬರೆಯುವುದು ಎಲ್ಲ ಕಾಲದಲ್ಲೂ ಇದೆ. ಒಬ್ಬ ಗುರುಗಳು ಅದನ್ನು ಪ್ರಾರ್ಥನೆಯ ವೇಳೆಯಲ್ಲಿ ಓದಿ ಹೇಳಿ, "ಯಾರು ಬರೆದದ್ದು?" ಎಂದು ಗದರಿಸಿದ್ದರು. ಅಲ್ಲಿಯವರೆಗೆ ಹತ್ತು ಹುಡುಗರಿಗೆ ಗೊತ್ತಿದ್ದ ಮಾತು ನಾನೂರು ಮಕ್ಕಳಿಗೆ ಗೊತ್ತಾಯಿತು. ಮರುದಿನ ಗೋಡೆಯ ಮೇಲೆ ಇನ್ನೆರಡು ಸಾಲು ಬಂತು. ಬರಿಯ ಬೈಗುಳಕ್ಕೆ ಉತ್ತರ ಬರೆದರೆ ಆಗುವುದು ಇದೇ. ಉತ್ತರಕ್ಕೆ ಪ್ರತ್ಯುತ್ತರ ಬೆಳೆದಷ್ಟೂ ಆ ಬರಹ ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ. ಸಿಟ್ಟಿನಲ್ಲಿ ನಾವು ಬರೆದದ್ದನ್ನು ಆ ಕಡೆಯವನೂ ಚಿತ್ರ ತೆಗೆದಿಟ್ಟುಕೊಳ್ಳುತ್ತಾನೆ. ಅವನಿಗೆ ಹೆಸರಿಲ್ಲ, ನಮಗೆ ಹೆಸರಿದೆ. ಆದ್ದರಿಂದ ಕಲಂ ಮೊದಲು ಹತ್ತುವುದು ನಮ್ಮ ಮೇಲೆಯೇ.

ಆದರೆ ಹಣ ನುಂಗಿದ್ದಾಳೆಂಬ ಎರಡನೆಯ ಮಾತು ಬೈಗುಳವಲ್ಲ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಸಂಗತಿ. ಅದನ್ನು ನಂಬಬಹುದಾದ ಜನರೂ ಇದ್ದಾರೆ. ಅಲ್ಲಿ ಮೌನ ಸಲ್ಲದು. ಉತ್ತರ ಕೊಡಬೇಕಾದದ್ದು ಆ ಖಾತೆಗಲ್ಲ, ಹಣ ಇಟ್ಟ ಹೆಂಗಸರಿಗೆ. ಆಕೆ ಸಂಘದ ಸಭೆ ಕರೆದು, ಬ್ಯಾಂಕಿನ ಪಾಸ್‌ಬುಕ್ಕನ್ನೂ ಲೆಕ್ಕದ ವಹಿಯನ್ನೂ ಎಲ್ಲರ ಮುಂದಿಟ್ಟು, ಸರಿಯಿದೆಯೆಂದು ಸದಸ್ಯೆಯರ ಸಹಿ ಪಡೆದಳು. ಆಮೇಲೆ ತನ್ನ ಪುಟದಲ್ಲಿ ನಾಲ್ಕೇ ಸಾಲು ಬರೆದಳು: ಇಂಥ ದಿನ ಸಭೆ ನಡೆಯಿತು, ಲೆಕ್ಕ ಓದಲಾಯಿತು, ಸದಸ್ಯೆಯರು ಒಪ್ಪಿ ಸಹಿ ಮಾಡಿದ್ದಾರೆ, ನೋಡಬೇಕೆನ್ನುವವರು ಬಂದು ನೋಡಬಹುದು. ಬೈದವನ ಹೆಸರೆತ್ತಲಿಲ್ಲ, ಅವನ ಬರಹವನ್ನು ಮತ್ತೆ ತೋರಿಸಲಿಲ್ಲ. ಕೆಳಗೆ ಯಾರೇನು ಬರೆದರೂ ಎರಡನೆಯ ಉತ್ತರ ಕೊಡಲಿಲ್ಲ.

ಬೈಗುಳದ ಬರಹಗಳನ್ನು ಕಂಪನಿಗೆ ರಿಪೋರ್ಟ್ ಮಾಡಿದ್ದಾಯಿತು. ಕೆಲವು ಹೋದವು, ಕೆಲವು ಉಳಿದವು. ರಾತ್ರಿಯ ಸಂದೇಶಕ್ಕೆ ಪೊಲೀಸ್ ದೂರು ದಾಖಲಾಯಿತು. ಅವಳ ನೋಟ್‌ಬುಕ್ಕಿನ ಹದಿನಾಲ್ಕು ಸಾಲುಗಳೇ ದೂರಿನ ಪಟ್ಟಿಯಾದವು. ದೂರು ದಾಖಲಾದ ಸುದ್ದಿ ಊರಲ್ಲಿ ಹರಡಿದ ಮೂರನೆಯ ದಿನ ಆ ಖಾತೆ ಕಾಣೆಯಾಯಿತು. ತನಿಖೆ ನಡೆದಿದೆ, ಬರೆದವನು ಯಾರೆಂದು ಇನ್ನೂ ತಿಳಿದಿಲ್ಲ. ಖಾತೆ ಅಳಿಸಿದರೆ ಎಲ್ಲ ಅಳಿಯಿತೆಂದು ಅವನು ತಿಳಿದಿರಬಹುದು. 180 ದಿನದ ಲೆಕ್ಕ ಅವನಿಗೆ ಗೊತ್ತಿರಲಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ನಮಗೆ ಬೇಸರ ತಂದ ಮಾತೆಲ್ಲ ಅಪರಾಧವಲ್ಲ. ಹಿಂದೆ 66ಎ ಎಂಬ ಕಲಂ ಇತ್ತು. ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಅದರಡಿ ಬಂಧಿಸಬಹುದಾಗಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಇಬ್ಬರು ಯುವತಿಯರನ್ನು ಒಂದು ಫೇಸ್‌ಬುಕ್ ಬರಹಕ್ಕಾಗಿ ಬಂಧಿಸಿದ್ದರು. ಒಬ್ಬಳು ಬರೆದಿದ್ದಳು, ಇನ್ನೊಬ್ಬಳು ಲೈಕ್ ಒತ್ತಿದ್ದಳು ಅಷ್ಟೇ. ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ, 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದುಪಡಿಸಿತು. ಅದು ಸರಿಯಾದ ತೀರ್ಪೆಂದು ನಾನು ಭಾವಿಸುತ್ತೇನೆ. ಪಂಚಾಯಿತಿಯ ರಸ್ತೆ ಸರಿಯಿಲ್ಲ, ಮೇಷ್ಟ್ರು ಪಾಠ ಮಾಡುವುದಿಲ್ಲ ಎಂದು ಹೆಸರು ಹೇಳದೆ ಬರೆದವನನ್ನು ಹುಡುಕಿ ಶಿಕ್ಷಿಸಹೊರಟರೆ, ಊರಿನಲ್ಲಿ ಬಡವನು ಬಾಯಿ ತೆರೆಯುವುದೇ ನಿಲ್ಲುತ್ತದೆ. ಆದ್ದರಿಂದ ಠಾಣೆಗೆ ಹೊರಡುವ ಮುನ್ನ ಆ ನೋಟ್‌ಬುಕ್ಕನ್ನು ಒಮ್ಮೆ ನಿಧಾನವಾಗಿ ಓದಿ, ಟೀಕೆ ಯಾವುದು, ಬೈಗುಳ ಯಾವುದು, ಸುಳ್ಳು ಯಾವುದು, ಬೆದರಿಕೆ ಯಾವುದು ಎಂದು ಪ್ರತಿ ಸಾಲಿನ ಮುಂದೆ ಬರೆದುಕೊಳ್ಳಿ. ಟೀಕೆಯ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಮಾತ್ರ ದೂರಿಗೆ ಸೇರಿಸಿ.